ಸಂಶೋಧನಾ ಬರಹದಲ್ಲಿ ‘ಮಾಡಲಾಗಿದೆ’: ಹೇಳಿಕೆ ಕೆಡದಂತೆ ವಾಕ್ಯ ಸರಿಪಡಿಸುವುದು ಹೇಗೆ

ಕನ್ನಡದಲ್ಲಿ ಬರೆದ ಪಿಎಚ್‌ಡಿ ಪ್ರಬಂಧವನ್ನೋ ಸಂಶೋಧನಾ ಲೇಖನವನ್ನೋ ತಿದ್ದಲು ಕೂತವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಪುಟದ ತುಂಬ ‘ಅಧ್ಯಯನವನ್ನು ಕೈಗೊಳ್ಳಲಾಗಿದೆ’, ‘ವಿಶ್ಲೇಷಣೆಗೆ ಒಳಪಡಿಸಲಾಯಿತು’, ‘ಗುರುತಿಸಲ್ಪಟ್ಟಿರುತ್ತದೆ’. ಎರಡೆರಡು ಸಲ ಓದಿದರೂ ಯಾರು ಏನು ಮಾಡಿದರು ಅಂತ ತಿಳಿಯುವುದಿಲ್ಲ. ಇದನ್ನು ಸರಳ ಮಾಡಲು ಎಲ್ಲರಿಗೂ ಹೊಳೆಯುವ ದಾರಿ ಒಂದಿದೆ. ‘ಮಾಡಲಾಯಿತು’ ಇದ್ದಲ್ಲೆಲ್ಲ ‘ಮಾಡಿದರು’ ಹಾಕುವುದು, ಉದ್ದದ ನಾಮಪದಗಳನ್ನು ಒಡೆದು ಕ್ರಿಯಾಪದ ಮಾಡುವುದು. ವಾಕ್ಯ ಚುರುಕಾಗುತ್ತದೆ ನಿಜ. ಆದರೆ ಸಂಶೋಧಕರು ಹೇಳದೇ ಇದ್ದ ಮಾತೊಂದು ಅಷ್ಟರಲ್ಲಿ ಒಳಗೆ ಸೇರಿಕೊಂಡಿರುತ್ತದೆ.

ಇದು ಯಾಕಾಗುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕರ್ಮಣಿ ವಾಕ್ಯದಲ್ಲಿ ಕೆಲಸ ಮಾಡಿದವರ ಹೆಸರು ಬಿಡಬಹುದು. ‘ಸಂಗ್ರಹಣೆ’, ‘ಹೆಚ್ಚಳ’, ‘ಬಳಕೆ’ ಅನ್ನುವಂಥ ನಾಮಪದದಲ್ಲಿ ಕಾಲವನ್ನೂ ಬಿಡಬಹುದು, ಎಷ್ಟು ಜನ ಅನ್ನುವುದನ್ನೂ ಬಿಡಬಹುದು. ಕರ್ತರಿಗೆ ತಿರುಗಿಸುವಾಗ ಮಾತ್ರ ಯಾವುದನ್ನೂ ಬಿಡುವ ಹಾಗಿಲ್ಲ. ಕ್ರಿಯಾಪದಕ್ಕೆ ಕರ್ತೃ ಬೇಕು, ಕಾಲ ಬೇಕು, ಏಕವಚನವೋ ಬಹುವಚನವೋ ಆಗಬೇಕು. ಈ ಮಾಹಿತಿ ಮೂಲ ವಾಕ್ಯದಲ್ಲಿ ಇಲ್ಲ. ಆಗ ತಿದ್ದುವವರು ಊಹೆ ಮಾಡುತ್ತಾರೆ, ಊಹೆ ಮಾಡಿದ್ದು ಅವರಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ವ್ಯಾಕರಣಕ್ಕಿಂತ ಹೆಚ್ಚು ಬೇಕಾಗುವುದು ಕ್ಷೇತ್ರಕಾರ್ಯದ ಟಿಪ್ಪಣಿ, ಪ್ರಶ್ನಾವಳಿ, ಮತ್ತು ಬರೆದವರ ಫೋನ್ ನಂಬರ್.

ಮೊದಲು ದೋಷ ಇರುವ ಜಾಗ ಹುಡುಕಿ

ಫೈಲು ಯೂನಿಕೋಡ್‌ನಲ್ಲಿದ್ದರೆ ಕೆಲಸ ಸುಲಭ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಪರದೆಯ ಮೇಲೆ ಕನ್ನಡ ಕಂಡರೂ ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ. ವರ್ಡ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ ‘ಲಾಗಿ’, ‘ಲಾಯಿತು’, ‘ಲ್ಪಟ್ಟ’ ಈ ಮೂರು ತುಣುಕುಗಳನ್ನು ಒಂದೊಂದಾಗಿ ಹುಡುಕಿದರೆ ಬಹುತೇಕ ಕರ್ಮಣಿ ರೂಪಗಳು ಸಿಗುತ್ತವೆ. ಬರೀ ಪಠ್ಯದ ಫೈಲಿದ್ದರೆ ಲಿನಕ್ಸ್ ಅಥವಾ ಮ್ಯಾಕ್‌ನ ಟರ್ಮಿನಲ್‌ನಲ್ಲಿ ಒಂದೇ ಸಾಲು ಸಾಕು:

```
grep -nE 'ಲಾಗಿ|ಲಾಯಿತು|ಲಾಗು|ಲ್ಪಟ್ಟ|ಲ್ಪಡು' adhyaya3.txt
```

‘ಬದಲಾಗಿ’, ‘ಬದಲಾಯಿತು’, ‘ಮೊದಲಾಗಿ’ ಇವೂ ಬಲೆಗೆ ಬೀಳುತ್ತವೆ. ಅವು ಕರ್ಮಣಿ ಅಲ್ಲ, ಬಿಟ್ಟುಬಿಡಿ. ಇದೇ ಕಾರಣಕ್ಕೆ ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ಈ ಕೆಲಸದಲ್ಲಿ ಮುಟ್ಟಲೇಬಾರದು. ನಾಮಪದದ ಗಂಟುಗಳನ್ನು ಹಿಡಿಯಲು ‘ನ್ನು ಮಾಡ’, ‘ನ್ನು ಕೈಗೊ’, ‘ನ್ನು ಹೊಂದಿ’, ‘ಗೆ ಒಳಪಡಿಸ’ ಅಂತ ಹುಡುಕಿ.

ಒಂದು ಪ್ಯಾರಾ ತೆಗೆದುಕೊಳ್ಳೋಣ

ಈ ಕೆಳಗಿನದು ಉದಾಹರಣೆಗೆಂದು ನಾನೇ ಕಟ್ಟಿದ್ದು. ಅದರ ಹಿಂದಿನ ಅಧ್ಯಯನವೂ, ಅದನ್ನು ಒಬ್ಬರೇ ಮಾಡಿದ ಸಂಶೋಧಕಿಯೂ ಕಲ್ಪನೆಯೇ. ಆದರೆ ಇದರಲ್ಲಿರುವ ಒಂದೊಂದು ಗಂಟೂ ತಿದ್ದಲು ಬರುವ ಪ್ರಬಂಧಗಳಲ್ಲಿ ದಿನವೂ ಕಾಣುವಂಥದ್ದು.

“ಪ್ರಸ್ತುತ ಅಧ್ಯಯನದಲ್ಲಿ ತಾಲ್ಲೂಕಿನ 12 ಸರ್ಕಾರಿ ಪ್ರಾಥಮಿಕ ಶಾಲೆಗಳ ಆಯ್ಕೆಯನ್ನು ಮಾಡಿಕೊಳ್ಳಲಾಗಿದ್ದು, 5ನೇ ತರಗತಿಯ ವಿದ್ಯಾರ್ಥಿಗಳ ಓದುವ ಸಾಮರ್ಥ್ಯಕ್ಕೆ ಸಂಬಂಧಿಸಿದ ಮಾಹಿತಿಯ ಸಂಗ್ರಹಣೆಯನ್ನು ಶಿಕ್ಷಕರಿಂದ ಮಾಡಲಾಯಿತು. ಗ್ರಂಥಾಲಯದ ಬಳಕೆಯ ಹೆಚ್ಚಳವು ಓದುವ ಸಾಮರ್ಥ್ಯದ ಸುಧಾರಣೆಯೊಂದಿಗೆ ಸಂಬಂಧವನ್ನು ಹೊಂದಿರುವುದು ಕಂಡುಬಂದಿರುತ್ತದೆ. ಪುಸ್ತಕಗಳ ಕೊರತೆಯಿದ್ದು, ಎಲ್ಲಾ ಶಾಲೆಗಳಲ್ಲಿ ಗ್ರಂಥಾಲಯದ ಬಳಕೆಯು ಮಾಡಲ್ಪಟ್ಟಿರುವುದಿಲ್ಲ.”

ಸುಮ್ನೆ ಓದಿಕೊಂಡು ಹೋದರೆ ಅರ್ಥವಾದ ಹಾಗೇ ಅನಿಸುತ್ತದೆ. ಅವಸರದಲ್ಲಿ ತಿದ್ದಿದರೆ ಹೀಗಾಗುತ್ತದೆ: “ನಾವು 12 ಶಾಲೆ ಆರಿಸಿ, ಶಿಕ್ಷಕರಿಂದ ಮಾಹಿತಿ ಪಡೆದೆವು. ಮಕ್ಕಳು ಗ್ರಂಥಾಲಯ ಹೆಚ್ಚು ಬಳಸಿದಂತೆಲ್ಲ ಅವರ ಓದು ಸುಧಾರಿಸಿತು. ಪುಸ್ತಕ ಸಾಲದ್ದರಿಂದ ಯಾವ ಶಾಲೆಯೂ ಗ್ರಂಥಾಲಯವನ್ನು ಬಳಸಿಲ್ಲ.” ಓದಲು ಹಾಯಾಗಿದೆ, ಅಲ್ವಾ? ಆದರೆ ಇದರಲ್ಲಿ ಹಲವು ಕಡೆ ಹೇಳಿಕೆ ಕೆಟ್ಟಿದೆ. ಎರಡನೇ ವಾಕ್ಯಕ್ಕೂ ಮೂರನೆಯದಕ್ಕೂ ತಾಳೆಯೇ ಇಲ್ಲ. ಯಾವ ಶಾಲೆಯೂ ಬಳಸಿಲ್ಲದಿದ್ದರೆ ಸುಧಾರಣೆ ಎಲ್ಲಿಂದ ಬಂತು?

ವಾಕ್ಯ ಮುಟ್ಟುವ ಮುಂಚೆ

ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರತಿ ವಾಕ್ಯಕ್ಕೂ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಯಾರು ಮಾಡಿದರು? ಎಷ್ಟರಲ್ಲಿ ಎಷ್ಟಕ್ಕೆ ಈ ಮಾತು ಅನ್ವಯ? ಬರೆದವರು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದಾರೆ? ಅದು ಅವರಿಗೆ ಗೊತ್ತಾದದ್ದು ಹೇಗೆ? ಉತ್ತರ ವಾಕ್ಯದಲ್ಲೇ ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೆ ಖಾಲಿ ಬಿಡಿ. ನೀವಾಗಿ ತುಂಬಬೇಡಿ. ನಮ್ಮ ಪ್ಯಾರಾದ ಹಾಳೆಯಲ್ಲಿ ಉತ್ತರಕ್ಕಿಂತ ಖಾಲಿ ಜಾಗವೇ ಜಾಸ್ತಿ ಉಳಿಯುತ್ತದೆ. ಆ ಖಾಲಿ ಜಾಗಗಳೇ ಬರೆದವರಿಗೆ ಕಳಿಸಬೇಕಾದ ಪ್ರಶ್ನೆಗಳು.

ಲಕ್ಷಣ: ‘ಇಂದ’ ಇದೆ, ಆದರೂ ಯಾರು ಅಂತ ಗೊತ್ತಿಲ್ಲ

‘ಸಂಗ್ರಹಣೆಯನ್ನು ಶಿಕ್ಷಕರಿಂದ ಮಾಡಲಾಯಿತು.’ ಇಲ್ಲಿ ಶಿಕ್ಷಕರು ಮಾಹಿತಿ ಸಂಗ್ರಹಿಸಿದವರೋ, ಮಾಹಿತಿ ಕೊಟ್ಟವರೋ? ‘ರಾಮನಿಂದ ರಾವಣ ಕೊಲ್ಲಲ್ಪಟ್ಟನು’ ಅನ್ನುವಲ್ಲಿ ‘ಇಂದ’ ಬಂದದ್ದು ಕೆಲಸ ಮಾಡಿದವನಿಗೆ. ‘ಬಾವಿಯಿಂದ ನೀರು ಸೇದಲಾಯಿತು’ ಅನ್ನುವಲ್ಲಿ ಬಂದದ್ದು ಎಲ್ಲಿಂದ ಅನ್ನುವುದಕ್ಕೆ. ಶಾಲೆಯಲ್ಲಿ ಪಂಚಮಿಗೆ ‘ದೆಸೆಯಿಂದ’ ಅಂತ ಬಾಯಿಪಾಠ ಮಾಡಿದ್ದೇವೆ, ಆದರೆ ಬರೆಯುವಾಗ ಎರಡಕ್ಕೂ ‘ಇಂದ’ವನ್ನೇ ಹಾಕುತ್ತೇವೆ. ಬಾವಿ ತಾನೇ ನೀರು ಸೇದುವುದಿಲ್ಲ, ಹಾಗಾಗಿ ಅಲ್ಲಿ ಗೊಂದಲವಿಲ್ಲ. ಶಿಕ್ಷಕರು ಸಂಗ್ರಹಿಸಲೂಬಹುದು, ಕೊಡಲೂಬಹುದು. ‘ಇಂದ’ ಮನುಷ್ಯರ ಮೇಲೋ ಸಂಸ್ಥೆಯ ಮೇಲೋ ಕೂತಿದ್ದರೆ ಈ ಪರೀಕ್ಷೆ ಮಾಡಲೇಬೇಕು: ‘ಇಂದ’ ತೆಗೆದು ಆ ಪದವನ್ನು ಕರ್ತೃ ಮಾಡಿ ಒಂದು ವಾಕ್ಯ ಬರೆಯಿರಿ, ‘ಅವರ ಹತ್ತಿರ’ ಅಂತ ಹಾಕಿ ಇನ್ನೊಂದು ಬರೆಯಿರಿ. ಎರಡೂ ಸರಿ ಅನಿಸಿದರೆ ಕೇಳದೆ ಮುಂದೆ ಹೋಗಬೇಡಿ.

ನಮ್ಮ ಉದಾಹರಣೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಸಂಶೋಧಕಿ ತಾವೇ ಪ್ರತಿ ಮಗುವಿನ ಕೈಲಿ ಓದಿಸಿ ಅಳೆದಿದ್ದರೆ 12 ಶಾಲೆಗೂ ಅಳತೆ ಒಂದೇ. ಆಯಾ ಶಾಲೆಯ ಶಿಕ್ಷಕರೇ ಅಂಕ ಕೊಟ್ಟಿದ್ದರೆ ಒಬ್ಬರ ಕೈ ಬಿಗಿ, ಇನ್ನೊಬ್ಬರ ಕೈ ಧಾರಾಳ ಇರಬಹುದು. ಓದುಗರು ಫಲಿತಾಂಶವನ್ನು ಎಷ್ಟು ನಂಬಬೇಕು ಅನ್ನುವುದು ಇದರ ಮೇಲೇ ನಿಂತಿದೆ. ಕೇಳಿದಾಗ ಬಂದ ಉತ್ತರ ಹೀಗೆ ಅಂತ ಇಟ್ಟುಕೊಳ್ಳೋಣ: ಶಿಕ್ಷಕರು ಓದಿಸಿ ಅಂಕ ಕೊಟ್ಟರು, ಸಂಶೋಧಕಿ ಆ ಅಂಕಗಳನ್ನು ಪಡೆದುಕೊಂಡರು. ಅಂದರೆ ‘ಸಂಗ್ರಹಣೆ’ ಅನ್ನುವ ಒಂದೇ ಪದದ ಒಳಗೆ ಇಬ್ಬರು ಮಾಡಿದ ಎರಡು ಕೆಲಸ ಅಡಗಿತ್ತು. ಸರಿಯಾದ ತಿದ್ದುಪಡಿಗೆ ಎರಡು ಕ್ರಿಯಾಪದ ಬೇಕು.

ಇನ್ನು ‘ಆಯ್ಕೆಯನ್ನು ಮಾಡಿಕೊಳ್ಳಲಾಗಿದ್ದು’. ಇಲ್ಲಿ ಆರಿಸಿದ್ದು ಸಂಶೋಧಕಿಯೇ, ‘ಕೊಳ್ಳು’ ಅದನ್ನು ಹೇಳುತ್ತಿದೆ. ಆದರೆ ಅವರನ್ನು ಯಾವ ಸರ್ವನಾಮದಿಂದ ಕರೆಯುವುದು? ಅವಸರದ ತಿದ್ದುಪಡಿಯಲ್ಲಿ ‘ನಾವು’ ಬಂದಿತ್ತು. ಒಬ್ಬರೇ ಮಾಡಿದ ಕೆಲಸಕ್ಕೆ ‘ನಾವು’ ಹಾಕಿದರೆ ತಂಡ ಇತ್ತು ಅಂತ ಹೇಳಿದಂತೆ. ‘ಸಂಶೋಧಕರು’ ಅಂತ ಹಾಕಿದರೆ, ಹಿಂದಿನ ಅಧ್ಯಾಯದಲ್ಲಿ ಉಲ್ಲೇಖಿಸಿದ ಬೇರೆ ಸಂಶೋಧಕರೋ ಇವರೋ ಅನ್ನುವ ಗೊಂದಲ. ನೇರವಾಗಿ ‘ನಾನು’ ಅನ್ನುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಯಾರು ಅಂತ ಹೇಳುವುದರಿಂದ ‘ನಾನು’ ಪದೇ ಪದೇ ಬರಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ‘ಶಾಲೆಗಳನ್ನು ಆಯ್ಕೆ ಮಾಡಿದೆ’ ಅಂತ ಬರೆದರೆ ಅದು ‘ನಾನು ಮಾಡಿದೆ’ಯೂ ಹೌದು, ‘ಇಲಾಖೆ ಮಾಡಿದೆ’ಯೂ ಹೌದು. ಬರಹದಲ್ಲಿ ಎರಡೂ ರೂಪ ಒಂದೇ. ‘ಮಾಡಿದ್ದೇನೆ’ ಅಥವಾ ‘ಮಾಡಿದೆನು’ ಅಂತ ಬರೆದರೆ ಈ ಗೊಂದಲ ಹೋಗುತ್ತದೆ. ನಿಮ್ಮ ವಿಶ್ವವಿದ್ಯಾಲಯದಲ್ಲೋ ಮಾರ್ಗದರ್ಶಕರಲ್ಲೋ ‘ನಾನು’ ನಡೆಯುವುದಿಲ್ಲ ಅಂತಿದ್ದರೆ, ಅಧ್ಯಾಯದ ಮೊದಲಿಗೆ ಒಂದೇ ಸಲ ‘ಈ ಅಧ್ಯಯನದ ಕ್ಷೇತ್ರಕಾರ್ಯವನ್ನೆಲ್ಲ ಪ್ರಬಂಧಕಾರರೇ ನಡೆಸಿದ್ದಾರೆ’ ಅಂತ ಹೇಳಿ. ಆಮೇಲೆ ಬರುವ ‘ಮಾಡಲಾಯಿತು’ಗಳಿಗೆ ಕರ್ತೃ ಯಾರು ಅನ್ನುವುದು ಗೊತ್ತಾಗಿರುತ್ತದೆ. ಬೇರೆಯವರು ಮಾಡಿದ ಕೆಲಸ ಬಂದಲ್ಲಿ ಮಾತ್ರ ಅವರ ಹೆಸರು ಹಾಕಿ, ಕರ್ತರಿಯಲ್ಲೇ ಬರೆಯಿರಿ.

ಲಕ್ಷಣ: ‘ಅದರ ಇದರ ಅದು’ ಅಂತ ಷಷ್ಠಿಯ ಸಾಲು

‘ಗ್ರಂಥಾಲಯದ ಬಳಕೆಯ ಹೆಚ್ಚಳವು ಓದುವ ಸಾಮರ್ಥ್ಯದ ಸುಧಾರಣೆಯೊಂದಿಗೆ ಸಂಬಂಧವನ್ನು ಹೊಂದಿರುವುದು.’ ಈ ವಾಕ್ಯವೇ ಇಡೀ ಪ್ಯಾರಾದ ಜೀವ. ಅತಿ ಹೆಚ್ಚು ಹಾಳಾಗುವುದೂ ಇದೇ.

‘ಹೆಚ್ಚಳ’ ಅನ್ನುವುದನ್ನು ಬಿಡಿಸಿ. ಯಾವುದು, ಯಾವಾಗ, ಎಷ್ಟರಿಂದ ಎಷ್ಟಕ್ಕೆ ಹೆಚ್ಚಿತು? ಹೆಚ್ಚಳ ಅನ್ನಬೇಕಾದರೆ ಒಂದೇ ಶಾಲೆಯನ್ನು ಎರಡು ಸಲವಾದರೂ ನೋಡಿರಬೇಕು. ಸಂಶೋಧಕಿಯ ಟಿಪ್ಪಣಿ ನೋಡಿದರೆ, ಅವರು ಒಂದು ಶಾಲಾ ವರ್ಷದ ಪುಸ್ತಕ ಎರವಲು ರಿಜಿಸ್ಟರ್ ನೋಡಿದ್ದಾರೆ, ಆ ವರ್ಷದ ಕೊನೆಯ ಅಂಕ ತೆಗೆದುಕೊಂಡಿದ್ದಾರೆ. ಒಂದೇ ಸಲದ ಅಳತೆ. ಹಾಗಾದರೆ ಇಲ್ಲಿ ಏನೂ ‘ಹೆಚ್ಚಿಲ್ಲ’, ಏನೂ ‘ಸುಧಾರಿಸಿಲ್ಲ’. ಒಂದು ಶಾಲೆಗಿಂತ ಇನ್ನೊಂದು ಶಾಲೆಯಲ್ಲಿ ಎರವಲು ಜಾಸ್ತಿ ಇತ್ತು, ಅಲ್ಲಿ ಸರಾಸರಿ ಅಂಕವೂ ಜಾಸ್ತಿ ಇತ್ತು. ಹೇಳಬಹುದಾದದ್ದು ಅಷ್ಟೇ. ನಾಮಪದ ಹಾಗೇ ಇದ್ದಾಗ ಈ ತೊಡಕು ಕಾಣುತ್ತಿರಲಿಲ್ಲ, ಯಾಕಂದರೆ ‘ಹೆಚ್ಚಳ’ ಅನ್ನುವ ಪದ ಕಾಲವನ್ನೂ ಹೇಳುವುದಿಲ್ಲ, ಹೋಲಿಕೆ ಯಾವುದರ ಜೊತೆ ಅನ್ನುವುದನ್ನೂ ಹೇಳುವುದಿಲ್ಲ. ‘ಬಳಸಿದಂತೆಲ್ಲ ಸುಧಾರಿಸಿತು’ ಅಂದ ಕೂಡಲೇ ಒಂದೇ ಮಗು ದಿನದಿಂದ ದಿನಕ್ಕೆ ಓದು ಕಲಿತ ಚಿತ್ರ ಬರುತ್ತದೆ. ಸಂಶೋಧಕಿ ಅಂಥದ್ದನ್ನು ನೋಡಿಯೇ ಇಲ್ಲ.

ಇನ್ನೊಂದು ಜಾರುವ ಜಾಗವೂ ಇಲ್ಲೇ ಇದೆ. ಅವರು ಅಳೆದದ್ದು ಶಾಲೆಗಳನ್ನು. ತಿದ್ದುವಾಗ ಕರ್ತೃ ಬೇಕಲ್ಲ ಅಂತ ನಾವು ‘ಮಕ್ಕಳು’ ಅಂತ ತಂದುಬಿಡುತ್ತೇವೆ. ಮನುಷ್ಯರನ್ನು ಕರ್ತೃ ಮಾಡಿದರೆ ವಾಕ್ಯಕ್ಕೆ ಜೀವ ಬರುತ್ತದೆ ಅನ್ನುವ ಸಲಹೆಯೇ ಹಾಗೆ ಮಾಡಿಸುತ್ತದೆ. ಪುಸ್ತಕ ಜಾಸ್ತಿ ಹೋದ ಶಾಲೆಯ ಸರಾಸರಿ ಚೆನ್ನಾಗಿದೆ ಅಂದರೆ, ಆ ಶಾಲೆಯಲ್ಲಿ ಪುಸ್ತಕ ಒಯ್ದ ಮಕ್ಕಳೇ ಚೆನ್ನಾಗಿ ಓದುತ್ತಾರೆ ಅಂತ ಆಗುವುದಿಲ್ಲ. ಹತ್ತು ಮಕ್ಕಳು ಪುಸ್ತಕ ಒಯ್ದಿರಬಹುದು, ಚೆನ್ನಾಗಿ ಓದುವವರು ಬೇರೆ ಹತ್ತು ಮಕ್ಕಳೇ ಆಗಿರಬಹುದು. ಹಾಗಾಗಿ ಈ ವಾಕ್ಯದ ಕರ್ತೃ ಶಾಲೆಯಾಗಿಯೇ ಉಳಿಯಬೇಕು. ಕರ್ತರಿ ವಾಕ್ಯಕ್ಕೆ ಮನುಷ್ಯನೇ ಕರ್ತೃ ಆಗಬೇಕೆಂದೇನೂ ಇಲ್ಲ.

‘ಸಂಬಂಧವನ್ನು ಹೊಂದಿರುವುದು’ ಅನ್ನುವುದನ್ನೂ ನೋಡಿ. ಅದು ಸೋಮಾರಿ ಪ್ರಯೋಗ ನಿಜ, ಆದರೆ ಸುಳ್ಳು ಹೇಳುತ್ತಿಲ್ಲ. ಅದನ್ನು ‘ಹೆಚ್ಚಿಸುತ್ತದೆ’, ‘ಬೆಳೆಸುತ್ತದೆ’, ‘ಇದರಿಂದ ಅದು’ ಅಂತ ತಿರುಗಿಸಿದರೆ ಕಾರಣ ಹೇಳಿದ ಹಾಗಾಯಿತು. ಎರಡು ಸಂಗತಿ ಜೊತೆಯಲ್ಲಿ ಕಂಡವು ಅನ್ನುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಸಾಧನ ಇದೆ: ‘ಊ’. ‘ಪುಸ್ತಕ ಹೆಚ್ಚು ಎರವಲು ಹೋದ ಶಾಲೆಗಳಲ್ಲಿ ಓದಿನ ಸರಾಸರಿ ಅಂಕವೂ ಹೆಚ್ಚಿತ್ತು.’ ಆ ‘ಅಂಕವೂ’ದಲ್ಲಿರುವ ‘ಊ’ ಎರಡನ್ನೂ ಪಕ್ಕಪಕ್ಕ ಇಡುತ್ತದೆ. ಯಾವುದು ಯಾವುದನ್ನು ಮಾಡಿಸಿತು ಅಂತ ಹೇಳುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ಷಷ್ಠಿಯ ಗಂಟು ಬೇರೆ ಕಡೆಯೂ ಹೀಗೇ ಮೋಸ ಮಾಡುತ್ತದೆ. ‘ಶಿಕ್ಷಕರ ಆಯ್ಕೆ’ ಅಂದರೆ ಶಿಕ್ಷಕರು ಆರಿಸಿದ್ದೋ, ಶಿಕ್ಷಕರನ್ನು ಆರಿಸಿದ್ದೋ? ‘ಸಮಿತಿಯ ಟೀಕೆ’ ಅಂದರೆ ಸಮಿತಿ ಮಾಡಿದ್ದೋ, ಸಮಿತಿಯ ಮೇಲೆ ಬಂದದ್ದೋ? ಬಿಡಿಸುವಾಗ ‘ಅವರು’ ಮತ್ತು ‘ಅವರನ್ನು’ ಎರಡನ್ನೂ ಹಾಕಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ.

ಲಕ್ಷಣ: ‘ಎಲ್ಲಾ’ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿ

‘ಎಲ್ಲಾ ಶಾಲೆಗಳಲ್ಲಿ ಬಳಕೆಯು ಮಾಡಲ್ಪಟ್ಟಿರುವುದಿಲ್ಲ.’ ಇದಕ್ಕೆ ಎರಡು ಅರ್ಥ. ಒಂದು, 12ಕ್ಕೆ 12ರಲ್ಲೂ ಬಳಸಿಲ್ಲ. ಇನ್ನೊಂದು, 12ರಲ್ಲೂ ಬಳಸಿದ್ದಾರೆ ಅಂತಲ್ಲ, ಕೆಲವು ಕಡೆ ಬಳಸಿಲ್ಲ. ಮಾತಿನಲ್ಲಾದರೆ ‘ಎಲ್ಲಾ’ ಮೇಲೆ ಒತ್ತು ಕೊಟ್ಟು ತಿಳಿಸುತ್ತೇವೆ. ಬರಹದಲ್ಲಿ ಆ ಒತ್ತು ಕಾಣುವುದಿಲ್ಲ. ಕರ್ತರಿಗೆ ತಿರುಗಿಸಿದರೂ ಈ ದೋಷ ತಾನಾಗಿ ಹೋಗುವುದಿಲ್ಲ. ‘ಎಲ್ಲಾ ಶಾಲೆಗಳು ಬಳಸಿಲ್ಲ’ ಅಂದರೂ ಗೊಂದಲ ಅಷ್ಟೇ ಉಳಿಯುತ್ತದೆ. ‘ಯಾವ ಶಾಲೆಯೂ’ ಅಥವಾ ‘ಕೆಲವು ಶಾಲೆಗಳು’ ಅಂತ ಆರಿಸಲೇಬೇಕು, ಆರಿಸಲು ಲೆಕ್ಕ ಗೊತ್ತಿರಬೇಕು. ಸಂಶೋಧಕಿಯ ಉತ್ತರ: 3 ಶಾಲೆಗಳಲ್ಲಿ.

ಈಗ ‘3 ಶಾಲೆಗಳ ಶಿಕ್ಷಕರು ಮಕ್ಕಳಿಗೆ ಪುಸ್ತಕ ಕೊಟ್ಟಿಲ್ಲ’ ಅಂತ ಬರೆಯಬಹುದೇ? ಬೇಡ. ‘ಬಳಕೆ’ಗೆ ಕರ್ತೃ ಹುಡುಕುವ ಭರದಲ್ಲಿ ಶಿಕ್ಷಕರ ಮೇಲೆ ಆರೋಪ ಹೊರಿಸಿದಂತಾಗುತ್ತದೆ. ‘ಮಕ್ಕಳು ಒಯ್ದಿಲ್ಲ’ ಅಂದರೆ ಮಕ್ಕಳ ಮೇಲೆ. ಇದು ಗೊತ್ತಾದದ್ದು ಹೇಗೆ ಅಂತ ಹಾಳೆಯ ನಾಲ್ಕನೇ ಪ್ರಶ್ನೆ ಕೇಳಿ. ಸಂಶೋಧಕಿ ಕಣ್ಣಾರೆ ಕಂಡದ್ದು ಇಷ್ಟು: ಆ 3 ಶಾಲೆಗಳ ಎರವಲು ರಿಜಿಸ್ಟರ್‌ನಲ್ಲಿ ಒಂದೂ ನಮೂದು ಇರಲಿಲ್ಲ. ಪುಸ್ತಕ ಸಾಲದು ಅಂದದ್ದು ಅಲ್ಲಿನ ಮುಖ್ಯ ಶಿಕ್ಷಕರು. ವಾಕ್ಯವೂ ಅಷ್ಟನ್ನೇ ಹೇಳಬೇಕು.

ಲಕ್ಷಣ: ‘ದ್ದು,’ ಹಾಕಿ ಮುಂದಕ್ಕೆ ಓಡುವ ವಾಕ್ಯ

‘ಮಾಡಿಕೊಳ್ಳಲಾಗಿದ್ದು’, ‘ಕೊರತೆಯಿದ್ದು’. ಈ ‘ದ್ದು’ ಎರಡು ಸಂಗತಿಗಳನ್ನು ಕಟ್ಟುತ್ತದೆ, ಆದರೆ ಯಾವ ಹಗ್ಗದಿಂದ ಅಂತ ಹೇಳುವುದಿಲ್ಲ. ಮತ್ತು, ಆದ್ದರಿಂದ, ಆದರೂ, ಆಮೇಲೆ, ಯಾವುದೂ ಆಗಬಹುದು. ಅವಸರದ ತಿದ್ದುಪಡಿ ‘ಕೊರತೆಯಿದ್ದು’ ಅನ್ನುವುದನ್ನು ‘ಸಾಲದ್ದರಿಂದ’ ಅಂತ ಮಾಡಿ ಕಾರಣವನ್ನು ತಾನೇ ತೀರ್ಮಾನಿಸಿಬಿಟ್ಟಿತು. ಇದಕ್ಕೆ ಮದ್ದು ಸರಳ. ಅಲ್ಲಿ ಪೂರ್ಣವಿರಾಮ ಹಾಕಿ ಎರಡು ವಾಕ್ಯ ಮಾಡಿ. ಸಂಬಂಧ ಏನು ಅಂತ ಬರೆದವರು ಹೇಳಿದರೆ ಮಾತ್ರ ‘ಆದ್ದರಿಂದ’ ಹಾಕಿ.

ಸರಿಪಡಿಸಿದ ಪ್ಯಾರಾ

“ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಕೊಟ್ಟ ಪಟ್ಟಿಯಿಂದ ತಾಲ್ಲೂಕಿನ 12 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡಿದ್ದೇನೆ. ಆಯಾ ಶಾಲೆಯ ಶಿಕ್ಷಕರು 5ನೇ ತರಗತಿಯ ಮಕ್ಕಳ ಕೈಲಿ ಓದಿಸಿ ಅಂಕ ಕೊಟ್ಟಿದ್ದರು. ಆ ಅಂಕಗಳನ್ನು ಅವರ ಹತ್ತಿರ ಪಡೆದಿದ್ದೇನೆ. ಪುಸ್ತಕ ಹೆಚ್ಚು ಎರವಲು ಹೋದ ಶಾಲೆಗಳಲ್ಲಿ ಓದಿನ ಸರಾಸರಿ ಅಂಕವೂ ಹೆಚ್ಚಿತ್ತು. 3 ಶಾಲೆಗಳ ಎರವಲು ರಿಜಿಸ್ಟರ್‌ನಲ್ಲಿ ಒಂದೂ ನಮೂದು ಇರಲಿಲ್ಲ. ತಮ್ಮಲ್ಲಿ ಪುಸ್ತಕಗಳು ಸಾಲದು ಎಂದು ಆ ಶಾಲೆಗಳ ಮುಖ್ಯ ಶಿಕ್ಷಕರು ಹೇಳಿದರು.”

ಮೂಲದಲ್ಲಿ ಇಲ್ಲದ ಸಂಗತಿಗಳು ಇಲ್ಲಿ ಬಂದಿವೆ: ಪಟ್ಟಿ, ಅಂಕ ಕೊಟ್ಟವರು, 3 ಎಂಬ ಲೆಕ್ಕ, ರಿಜಿಸ್ಟರ್, ಮುಖ್ಯ ಶಿಕ್ಷಕರು. ಎಲ್ಲವೂ ಬರೆದವರಿಂದಲೇ ಬಂದದ್ದು. ಅವರು ಸಿಗದೇ ಹೋದರೆ, ಉದಾಹರಣೆಗೆ ಪ್ರಕಟವಾದ ಹಳೆಯ ಲೇಖನವನ್ನು ಸರಳಗೊಳಿಸುತ್ತಿದ್ದರೆ, ಈ ಜಾಗಗಳಲ್ಲಿ ಮೂಲದ ಅಸ್ಪಷ್ಟತೆಯನ್ನು ಹಾಗೇ ಉಳಿಸಬೇಕು. ‘ಶಿಕ್ಷಕರಿಂದ’ ಅನ್ನುವುದು ‘ಶಿಕ್ಷಕರಿಂದ’ ಅಂತಲೇ ಇರಲಿ. ನಾಮಪದದ ಗಂಟು ಬಿಚ್ಚಿ, ‘ಓದುವ ಸಾಮರ್ಥ್ಯದ ಮಾಹಿತಿಯನ್ನು ಶಿಕ್ಷಕರಿಂದ ಸಂಗ್ರಹಿಸಲಾಯಿತು’ ಅಂತ ಮಾಡಿ ನಿಲ್ಲಿಸಿ. ಅಷ್ಟು ಮಾಡಿದರೂ ಓದುವವರಿಗೆ ಹಗುರವಾಗುತ್ತದೆ.

ತಿದ್ದಿದ ಮೇಲೆ ಹೊಸದಾಗಿ ಹುಟ್ಟುವ ದೋಷಗಳು

ಕರ್ತೃ ಗೊತ್ತಿಲ್ಲದಿದ್ದಾಗ ಕನ್ನಡದಲ್ಲಿ ಒಂದು ಒಳದಾರಿ ಇದೆ. ‘ಶುಲ್ಕವನ್ನು ಏರಿಸಲಾಯಿತು’ ಅನ್ನುವುದನ್ನು ‘ಶುಲ್ಕ ಏರಿತು’ ಮಾಡಿದರೆ ಕರ್ಮಣಿಯೂ ಹೋಯಿತು, ಕರ್ತೃವೂ ಬೇಕಿಲ್ಲ. ಆದರೆ ಮೂಲದಲ್ಲಿ ‘ಯಾರೋ ಬೇಕೆಂದೇ ಏರಿಸಿದರು’ ಅನ್ನುವ ಮಾತಿತ್ತು. ‘ಇಸು’ ತೆಗೆದ ಕೂಡಲೇ ಅದು ಹೋಯಿತು, ಶುಲ್ಕ ತಾನಾಗೇ ಏರಿದ ಹಾಗಾಯಿತು. ‘ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು’ ಅನ್ನುವುದು ‘ಕುಟುಂಬಗಳು ಊರು ಬಿಟ್ಟವು’ ಆದರೆ ಅದು ಬರೀ ಶೈಲಿಯ ತಿದ್ದುಪಡಿ ಅಲ್ಲ, ಚರಿತ್ರೆಯನ್ನೇ ತಿದ್ದಿದಂತೆ. ಹಾಗಾಗಿ ಏರಿಸು–ಏರು, ಬದಲಾಯಿಸು–ಬದಲಾಗು, ಮುಚ್ಚಿಸು–ಮುಚ್ಚು ಇಂಥ ಜೋಡಿಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ತರುವಾಗ ನಿಂತು ನೋಡಿ. ‘ಮಂಜುಗಡ್ಡೆ ಕರಗಿಸಲ್ಪಟ್ಟಿತು’ ಅಂತ ಯಾರಾದರೂ ಬಿಸಿಲಿನ ಬಗ್ಗೆ ಬರೆದಿದ್ದರೆ ಮಾತ್ರ ‘ಕರಗಿತು’ ಅನ್ನಲು ಹಿಂಜರಿಯಬೇಕಿಲ್ಲ.

ಎರಡನೇ ದೋಷ ಇದಕ್ಕಿಂತ ಸೂಕ್ಷ್ಮ. ‘ಪರಿಗಣಿಸಲಾಗಿದೆ’, ‘ಎನ್ನಲಾಗಿದೆ’, ‘ಊಹಿಸಲಾಗಿದೆ’ ಇವು ಹೊರಗಿನಿಂದ ನೋಡಿದರೆ ‘ಮಾಡಲಾಗಿದೆ’ ಥರವೇ ಕಾಣುತ್ತವೆ, ಆದರೆ ಇವುಗಳ ಕೆಲಸ ಬೇರೆ. ಇವು ಹೇಳಿಕೆಯ ಗಟ್ಟಿತನವನ್ನು ತಗ್ಗಿಸುತ್ತವೆ. ಒಂದು ನಿಜವಾದ ಉದಾಹರಣೆ ನೋಡೋಣ. ‘ಹಲ್ಮಿಡಿ ಶಾಸನವು ಕ್ರಿ.ಶ. ಸುಮಾರು 450ರ ಕಾಲಕ್ಕೆ ಸೇರಿದುದೆಂದು ಪರಿಗಣಿಸಲ್ಪಟ್ಟಿದೆ.’ ಈ ವಾಕ್ಯವನ್ನು ಸರಳ ಮಾಡುತ್ತೇನೆಂದು ‘ಹಲ್ಮಿಡಿ ಶಾಸನವನ್ನು ಕ್ರಿ.ಶ. 450ರಲ್ಲಿ ಕೆತ್ತಿದರು’ ಅಂದರೆ ತಪ್ಪು. ಆ ಶಾಸನದಲ್ಲಿ ಇಸವಿಯೇ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಅದನ್ನು ಪತ್ತೆ ಮಾಡಿದವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ. ಅದು ಸುಮಾರು 450ರದು ಅಂತ ಹೇಳಿದವರೂ ಅವರೇ. ಕಾಲದ ಬಗ್ಗೆ ವಿದ್ವಾಂಸರೆಲ್ಲ ಒಂದೇ ಮಾತು ಹೇಳುವುದಿಲ್ಲ.

ಇಲ್ಲಿ ‘ಪರಿಗಣಿಸಲ್ಪಟ್ಟಿದೆ’ಯನ್ನು ಅಳಿಸಿದರೆ ಒಂದು ಅಂದಾಜು ಸತ್ಯಸಂಗತಿಯಾಗಿಬಿಡುತ್ತದೆ. ಕರ್ತರಿ ಬೇಕೇ ಬೇಕು ಅಂದರೆ ಅಂದಾಜು ಮಾಡಿದವರನ್ನು ಕರ್ತೃ ಮಾಡಿ: ‘ಹಲ್ಮಿಡಿ ಶಾಸನ ಕ್ರಿ.ಶ. ಸುಮಾರು 450ರದು ಎಂದು ಎಂ.ಎಚ್. ಕೃಷ್ಣ ಅಂದಾಜು ಮಾಡಿದರು.’ ಇದು ಮೂಲಕ್ಕಿಂತ ಸ್ಪಷ್ಟ. ಆದರೂ ಮೂಲದಲ್ಲಿ ‘ಹಲವರು ಹೀಗೆ ಒಪ್ಪಿಕೊಂಡಿದ್ದಾರೆ’ ಅನ್ನುವ ಛಾಯೆ ಇತ್ತು, ಇದರಲ್ಲಿ ಒಬ್ಬರೇ ಉಳಿದರು. ಆ ಛಾಯೆ ಬೇಕಿದ್ದರೆ ‘ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ’ ಅಂತ ಬರೆಯಿರಿ. ಆಗ ಹಲವರು ಒಪ್ಪಿದ್ದಕ್ಕೆ ಲೇಖಕರ ಬಳಿ ಆಧಾರ ಇದೆಯೇ ಅಂತಲೂ ಕೇಳಿ. ಇದೇ ರೀತಿ ‘ತೋರುತ್ತದೆ’, ‘ಕಂಡುಬಂದಿದೆ’, ‘ಸೂಚಿಸುತ್ತದೆ’, ‘ಸಾಬೀತಾಗಿದೆ’ ಒಂದೊಂದೂ ಒಂದೊಂದು ಮೆಟ್ಟಿಲು. ಪದ ಬದಲಾಯಿಸಿ, ಮೆಟ್ಟಿಲು ಬದಲಾಯಿಸಬೇಡಿ.

ಯಾವಾಗ ಮುಟ್ಟಬಾರದು

ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲದಾಗ, ಅಥವಾ ಮಾಹಿತಿ ಕೊಟ್ಟವರ ಹೆಸರು ಗುಟ್ಟಾಗಿಡಲು ಸಂಶೋಧಕರು ಮಾತು ಕೊಟ್ಟಿದ್ದಾಗ, ಕರ್ಮಣಿ ಹಾಗೇ ಇರಲಿ. ‘ದೇವಸ್ಥಾನದ ಪ್ರಾಕಾರವನ್ನು ಆಮೇಲೆ ಕಟ್ಟಲಾಗಿದೆ’ ಅನ್ನುವ ವಾಕ್ಯದಲ್ಲಿ ಏನೂ ದೋಷವಿಲ್ಲ.

‘ಕರ್ಮವನ್ನು ಮೊದಲು ತರಬೇಕು, ಅದಕ್ಕೇ ಕರ್ಮಣಿ ಬಳಸಿದೆ’ ಅನ್ನುವ ಕಾರಣ ಮಾತ್ರ ಕನ್ನಡದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ‘ಅನ್ನು’ ಪ್ರತ್ಯಯ ಇರುವುದರಿಂದ ಕರ್ಮವನ್ನು ಎಲ್ಲಿ ಇಟ್ಟರೂ ಅದು ಕರ್ಮವೇ. ‘ಈ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಪತ್ತೆ ಮಾಡಿದರು’ ಅಂದರೆ ಶಾಸನವೇ ಮೊದಲು ಬಂತು, ವಾಕ್ಯವೂ ಕರ್ತರಿಯಲ್ಲೇ ಇದೆ. ‘ಎಂ.ಎಚ್. ಕೃಷ್ಣರಿಂದ ಪತ್ತೆ ಮಾಡಲ್ಪಟ್ಟ ಈ ಶಾಸನವು’ ಅಂತ ಬರೆಯುವ ಅಗತ್ಯವೇ ಇಲ್ಲ. ಹಿಂದಿನ ವಾಕ್ಯದಲ್ಲಿ ಶಾಸನದ ಮಾತು ನಡೆಯುತ್ತಿದ್ದರೆ ‘ಅದನ್ನು’ ಅಂತ ಶುರು ಮಾಡಿ. ‘ಲ್ಪಟ್ಟ’ ಇರುವ ವಾಕ್ಯಗಳಲ್ಲಿ ಕರ್ತೃವಿನ ಹೆಸರೂ ‘ಇಂದ’ ಹೊತ್ತು ನಿಂತಿದ್ದರೆ, ಈ ಒಂದು ತಿರುವಿನಿಂದಲೇ ಹೇಳಿಕೆಗೆ ಏನೂ ಆಗದೆ ಸರಿಹೋಗುತ್ತವೆ. ಅದಕ್ಕೇ ನಾನು ಮೊದಲು ಇವನ್ನು ಮುಗಿಸಿ, ಕಷ್ಟದವನ್ನು ಆಮೇಲೆ ಹಿಡಿಯುತ್ತೇನೆ.

ಸರಿಯಾಯಿತೇ ಎಂದು ನೋಡುವುದು

ತಿದ್ದಿದ ಪ್ಯಾರಾವನ್ನು ಮೂಲ ಓದಿರದ ಒಬ್ಬರ ಕೈಗೆ ಕೊಡಿ. ಅದೇ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಲು ಹೇಳಿ: ಯಾರು, ಎಷ್ಟರಲ್ಲಿ ಎಷ್ಟು, ಎಷ್ಟು ಗಟ್ಟಿಯಾಗಿ, ಹೇಗೆ ಗೊತ್ತು. ಅವರ ಹಾಳೆಯನ್ನು ನಿಮ್ಮ ಹಾಳೆಯ ಪಕ್ಕ ಇಡಿ. ನೀವು ಖಾಲಿ ಬಿಟ್ಟಿದ್ದ ಕಡೆ ಅವರ ಹಾಳೆಯಲ್ಲಿ ಉತ್ತರ ಇದೆಯೇ? ಇದ್ದರೆ ಅದು ಬರೆದವರು ಕೊಟ್ಟ ಉತ್ತರವೇ ಆಗಿರಬೇಕು. ಅಲ್ಲದಿದ್ದರೆ ಅಲ್ಲಿ ನಿಮ್ಮ ಊಹೆ ಸೇರಿಕೊಂಡಿದೆ ಅಂತ ಅರ್ಥ. ನಿಮ್ಮ ಹಾಳೆಯಲ್ಲಿ ಇದ್ದ ಉತ್ತರ ಅವರಲ್ಲಿ ಕಾಣದಿದ್ದರೆ, ಸರಳ ಮಾಡುವಾಗ ಏನೋ ಬಿದ್ದುಹೋಗಿದೆ. ಸಾಮಾನ್ಯವಾಗಿ ಬಿದ್ದುಹೋಗುವುದು ‘ಸುಮಾರು’, ‘ಬಹುತೇಕ’, ‘ಈ ತಾಲ್ಲೂಕಿನ ಮಟ್ಟಿಗೆ’ ಅನ್ನುವಂಥ ಸಣ್ಣ ಪದಗಳು. ಓದಲು ಅಡ್ಡ ಬರುತ್ತವೆ ಅಂತ ಕತ್ತರಿಸಿರುತ್ತೇವೆ.

ಬೇರೆಯವರು ಸಿಗದಿದ್ದರೆ ಎರಡು ದಿನ ಬಿಟ್ಟು ನೀವೇ ಮಾಡಿ, ಆದರೆ ಮೂಲವನ್ನು ಮುಚ್ಚಿಟ್ಟುಕೊಂಡು. ಕಡೆಗೆ ಮೂಲ, ತಿದ್ದಿದ್ದು ಎರಡನ್ನೂ, ಬದಲಾದ ಜಾಗಕ್ಕೆ ಬಣ್ಣ ಹಚ್ಚಿ, ಬರೆದವರಿಗೆ ಕಳಿಸಿ. ‘ಈ ವಾಕ್ಯ ಚೆನ್ನಾಗಿದೆಯೇ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುವ ಉತ್ತರ ಬರುತ್ತದೆ. ‘ನೀವು ನೋಡಿದ್ದು ಇದನ್ನೇನಾ?’ ಅಂತ ಕೇಳಿ.